ಚೀಟಿಯಲ್ಲಿ ಬರೆದ ‘ಶ್ವಾಸಕೋಶದ ವಯಸ್ಸು’ ಯಾರ ಲೆಕ್ಕದ್ದು?

ಕುಂಬಳೆ ಕಡೆಯ 45 ವರ್ಷದ ಒಬ್ಬರು ಬೀಡಿ ಸೇದುತ್ತಾರೆ ಎಂದುಕೊಳ್ಳಿ. ಕೆಮ್ಮಿಲ್ಲ, ದಮ್ಮಿಲ್ಲ, ಕಂಗಿನ ತೋಟದ ಗುಡ್ಡ ಹತ್ತಿ ಇಳಿದರೂ ಏದುಸಿರಿಲ್ಲ. ಶಿಬಿರವೊಂದರಲ್ಲಿ ಸ್ಪೈರೋಮೀಟರ್ ಎಂಬ ಉಸಿರಳೆಯುವ ಯಂತ್ರದ ಕೊಳವೆಗೆ ಊದಿಸಿ ಕೊಟ್ಟ ಚೀಟಿಯಲ್ಲಿ ‘Lung age: 66’ ಎಂದಿದೆ. ಒಬ್ಬರು ಅದನ್ನು ನೋಡಿ ಹೆದರುತ್ತಾರೆ. ಇನ್ನೊಬ್ಬರು ‘ಯಂತ್ರವೇ ಸರಿಯಿಲ್ಲ’ ಎಂದು ಮಡಚಿ ಕಿಸೆಗೆ ಹಾಕುತ್ತಾರೆ. ಇಬ್ಬರೂ ಅರ್ಧ ಸರಿ.

ಲಂಡನ್ನಿನ ಜಾನ್ ಹಚಿನ್ಸನ್ 1846ರಲ್ಲಿ ಉಸಿರನ್ನು ಅಳೆದು ತೋರಿಸಿದರು. ಫ್ರಾನ್ಸಿನ ಟಿಫ್ನೋ ಸುಮಾರು ನೂರು ವರ್ಷಗಳ ಬಳಿಕ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು ಎಂಬುದೇ ಮುಖ್ಯ ಎಂದರು. ಚೀಟಿಯಲ್ಲಿ FEV1 ಎಂದು ಕಾಣುವುದು ಅದೇ. ಅದನ್ನು ‘ವಯಸ್ಸು’, ಅಂದರೆ ಅಷ್ಟೇ ಎತ್ತರದ, ಅಷ್ಟೇ ಗಾಳಿ ಊದುವ ಆರೋಗ್ಯವಂತರ ವಯಸ್ಸು, ಮಾಡಿದ್ದು 1985ರಲ್ಲಿ, ಅಮೆರಿಕದ ಸಂಶೋಧಕರಾದ ಮಾರಿಸ್ ಮತ್ತು ಟೆಂಪಲ್. ಲೀಟರಿನ ಲೆಕ್ಕ ಸೇದುವವರಿಗೆ ನಾಟುವುದಿಲ್ಲ, ವಯಸ್ಸು ನಾಟುತ್ತದೆ ಎಂಬುದು ಅದರ ಹಿಂದಿನ ಯೋಚನೆ. ಗಂಡಸರಿಗೆ ಅವರು ಕೊಟ್ಟ ಸೂತ್ರ ಇಷ್ಟೇ:

```
ವಯಸ್ಸು = 2.87 × ಎತ್ತರ (ಇಂಚು) − 31.25 × FEV1 (ಲೀಟರ್) − 39.375
```

ನಮ್ಮವರ ಎತ್ತರ 66 ಇಂಚು, FEV1 2.70 ಲೀಟರ್. ಲೆಕ್ಕ ಹಾಕಿದರೆ 65.7 ಬರುತ್ತದೆ, ಚೀಟಿಯಲ್ಲಿ 66. ಯಂತ್ರ ಲೆಕ್ಕ ತಪ್ಪಿಲ್ಲ. ಆದರೆ ಈ ಸೂತ್ರದ ಬುಡದಲ್ಲಿರುವುದು ಅಮೆರಿಕದ ಒರೆಗಾನ್‌ನ ಆರೋಗ್ಯವಂತರು, ಸಿಗರೇಟು ಮುಟ್ಟದವರು. ಅಷ್ಟೇ ಎತ್ತರದ ಭಾರತೀಯರ ಅಳತೆ ಅವರದಕ್ಕಿಂತ ಸಾಮಾನ್ಯವಾಗಿ ಕಡಿಮೆ ಬರುತ್ತದೆ. ಹಾಗಾಗಿ ಇಲ್ಲಿ ಶೇಕಡಾ 10ರಷ್ಟು ಕಡಿತ ಹಾಕುವ ರೂಢಿ ಬೆಳೆಯಿತು. ಆ ಸೂತ್ರದ ಪ್ರಕಾರ 45ರವರಿಗೆ ಬೇಕಾದದ್ದು 3.36 ಲೀಟರ್. ಹತ್ತು ಶೇಕಡಾ ಕಳೆದರೆ 3.02. ಎಂದೂ ಬೀಡಿ ಮುಟ್ಟದ, 3.02 ಊದುವ ನೆರೆಮನೆಯವರಿಗೂ ಅದೇ ಯಂತ್ರ 56 ವರ್ಷ ಎನ್ನುತ್ತದೆ! ಅಂದರೆ ಹೆಚ್ಚುವರಿ 21 ವರ್ಷಗಳಲ್ಲಿ 11 ಸೂತ್ರದ್ದು. ಉಳಿದ 10 ವರ್ಷಗಳನ್ನು ಮಾತ್ರ ಬೀಡಿಯ ಮೇಲೆ ಅನುಮಾನಿಸಬಹುದು, ಅದೂ ಊದಿದ್ದು ಸರಿಯಾಗಿದ್ದರೆ.

ಅಲ್ಲೇ ಎರಡನೇ ಗೋಜಲು. 100 ಮಿಲಿಲೀಟರ್ ಕಡಿಮೆ ಊದಿದರೆ ಮೂರು ವರ್ಷ ಕೂಡುತ್ತದೆ. ಚಪ್ಪಲಿ ಹಾಕಿಯೇ ಎತ್ತರ ಅಳೆದು ಒಂದಿಂಚು ಹೆಚ್ಚು ಬರೆದರೆ ಇನ್ನೂ ಸುಮಾರು ಮೂರು. ಶಿಬಿರದ ಗಡಿಬಿಡಿಯಲ್ಲಿ ಇವೆರಡೂ ಆಗುವಂಥವೇ. ಸರಿಯಾದ ಕ್ರಮ ಹೀಗೆ: ಒಂದು ಗಂಟೆ ಮೊದಲಿನಿಂದ ಬೀಡಿ ಬೇಡ. ಕುಳಿತು, ಮೂಗಿಗೆ ಕ್ಲಿಪ್ ಹಾಕಿ, ಹೊಟ್ಟೆ ತುಂಬುವಷ್ಟು ಉಸಿರೆಳೆದು, ತುಟಿ ಬಿಗಿ ಮುಚ್ಚಿ, ಒಮ್ಮೆಲೇ ರಭಸದಿಂದ ಊದಬೇಕು. ಆಮೇಲೂ ನಿಲ್ಲಿಸದೆ, ಒಳಗಿನದೆಲ್ಲ ಮುಗಿಯುವವರೆಗೆ ಊದುತ್ತಲೇ ಇರಬೇಕು. ಇಂಥ ಮೂರು ಒಳ್ಳೆಯ ಊದು ಸಿಗಬೇಕು, ಮೇಲಿನ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಒಂದೇ ಸಲ ಊದಿಸಿ ಕಳಿಸಿದ್ದರೆ ಆ ವಯಸ್ಸನ್ನು ನಂಬಬೇಡಿ.

ಉಸಿರು ಪೂರ್ತಿ ಎಳೆಯದಿದ್ದರೆ ವಯಸ್ಸು ಸುಮ್ಮನೆ ಏರುತ್ತದೆ. ಬೇಗ ನಿಲ್ಲಿಸಿದರೆ ಆಗುವ ತಪ್ಪು ಇದಕ್ಕಿಂತ ಅಪಾಯದ್ದು. ಒಟ್ಟು ಊದಿದ್ದು, ಅಂದರೆ FVC, ಕಡಿಮೆ ದಾಖಲಾಗುತ್ತದೆ. FEV1ನ್ನು ಅದರಿಂದ ಭಾಗಿಸಿದಾಗ ಬರುವ ಅನುಪಾತ ಚೆನ್ನಾಗಿ ಕಾಣುತ್ತದೆ, ಶ್ವಾಸಕೋಶದ ಕೊಳವೆಗಳ ಅಡಚಣೆ ಮರೆಯಾಗುತ್ತದೆ. ಚೀಟಿಯಲ್ಲಿ ಸಮಯಕ್ಕೆ ತಕ್ಕಂತೆ ಊದಿದ ಗಾಳಿಯನ್ನು ತೋರಿಸುವ ಗೆರೆ ಕೊನೆಯಲ್ಲಿ ಚಪ್ಪಟೆಯಾಗದೆ ಏರುತ್ತಿರುವಾಗಲೇ ಕಡಿದಿದ್ದರೆ ಇದೇ ಆಗಿದೆ ಎಂದರ್ಥ. ನಮ್ಮವರ FVC 3.40, ಅನುಪಾತ 0.79. ಆ ಕೊಳವೆಗಳನ್ನು ಹಿಗ್ಗಿಸುವ ಸಾಲ್ಬ್ಯುಟಮಾಲ್ ಮದ್ದು ಕೊಟ್ಟ ಮೇಲೂ 0.70ಕ್ಕಿಂತ ಕೆಳಗಿದ್ದರೆ ಮಾತ್ರ ಸಿಒಪಿಡಿ, ಅಂದರೆ ಅವು ಕಾಯಂ ಕಿರಿದಾಗುವ ರೋಗ, ಎಂದು ಯೋಚಿಸುವುದು. ಹಾಗಾಗಿ ‘66’ ಎಂಬುದು ರೋಗದ ಹೆಸರಲ್ಲ.

ಹಾಗಾದರೆ ಆ ಸಂಖ್ಯೆ ವ್ಯರ್ಥವೇ? ಇಂಗ್ಲೆಂಡಿನಲ್ಲಿ 561 ಸೇದುವವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶ್ವಾಸಕೋಶದ ವಯಸ್ಸನ್ನು ಬಿಡಿಸಿ ಹೇಳಿಸಿಕೊಂಡವರಲ್ಲಿ ಶೇಕಡಾ 13.6 ಮಂದಿ ಒಂದು ವರ್ಷದ ಕೊನೆಗೆ ಬಿಟ್ಟಿದ್ದರು. ಬರಿಯ ಅಳತೆ ಪಡೆದವರಲ್ಲಿ 6.4. ಆದರೆ ವಯಸ್ಸು ಹೆಚ್ಚು ಬಂದವರೇ ಹೆಚ್ಚು ಬಿಟ್ಟರು ಎಂದೇನೂ ಇರಲಿಲ್ಲ. ಕೂತು ವಿವರಿಸಿದ್ದೇ ಕೆಲಸ ಮಾಡಿರಬಹುದು, ಹೆದರಿಸುವ ಸಂಖ್ಯೆಯಲ್ಲ. ಇತ್ತ ಅಮೆರಿಕದ ತಜ್ಞರ ಕಾರ್ಯಪಡೆ, ಲಕ್ಷಣವಿಲ್ಲದವರಿಗೆ ಸಿಒಪಿಡಿ ಹುಡುಕಲು ಈ ಪರೀಕ್ಷೆ ಬೇಡ ಎಂದು 2022ರಲ್ಲಿ ಮತ್ತೆ ಹೇಳಿತು. ‘45’ ಎಂದೇ ಬಂದರೂ ಕ್ಯಾನ್ಸರಿನ ಬಗ್ಗೆ, ಹೃದಯದ ಬಗ್ಗೆ ಅದು ಏನೂ ಹೇಳುವುದಿಲ್ಲ.

ಒಂದು ಚೀಟಿಗಿಂತ ಎರಡು ಚೀಟಿ ಹೆಚ್ಚು ಹೇಳುತ್ತವೆ. ಅಮೆರಿಕ, ಕೆನಡಾಗಳಲ್ಲಿ 11 ವರ್ಷ ಗಮನಿಸಿದ ಗಂಡಸರಲ್ಲಿ, ಸೇದುತ್ತಲೇ ಇದ್ದವರ FEV1 ವರ್ಷಕ್ಕೆ ಸುಮಾರು 66 ಮಿಲಿಲೀಟರ್ ಇಳಿದರೆ, ಬಿಟ್ಟವರದು 30. ಈ ಇಳಿತ ಒಂದೇ ವರ್ಷದಲ್ಲಿ ಕಾಣುವುದಿಲ್ಲ, ಊದಿನಿಂದ ಊದಿಗೆ ಬರುವ 150ರ ಏರುಪೇರಿನಲ್ಲೇ ಮುಳುಗಿಹೋಗುತ್ತದೆ. ನಾಲ್ಕೈದು ವರ್ಷ ಬೇಕು, ಅದೇ ಬಗೆಯ ಯಂತ್ರ, ಅದೇ ಸೂತ್ರ ಇರಬೇಕು. ಹೋಲಿಸಬೇಕಾದ್ದು ವಯಸ್ಸನ್ನಲ್ಲ, ಲೀಟರನ್ನು. ಹಾಗಾಗಿ ಚೀಟಿ ಕೊಡುವಾಗ ಯಾವ ಸೂತ್ರ ಹಾಕಿದ್ದೀರಿ ಎಂದು ಕೇಳಿ ಅದರ ಮೇಲೆಯೇ ಬರೆಸಿಕೊಳ್ಳಿ, ಮನೆಗೆ ಬಂದ ವಾರದೊಳಗೆ ಜೆರಾಕ್ಸ್ ಮಾಡಿಸಿಡಿ. ಬಸ್ ಟಿಕೇಟಿನಂಥ ಆ ನುಣುಪು ಕಾಗದದ ಅಕ್ಷರ ಎರಡನೇ ಪರೀಕ್ಷೆಯ ಹೊತ್ತಿಗೆ ಮಾಸಿಹೋಗಿರುತ್ತದೆ.