ಐದು ಕೆಜಿ ಜಾಗ, ಒಂದು ಮಿಕ್ಸಿ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಟರ್‌ವ್ಯೂಗೆ ತಯಾರಾಗುತ್ತಿರುವ ಹುಡುಗರ ಬಾಯಲ್ಲಿ ‘ಡಿಪಿ’ ಅಂದರೆ ವಾಟ್ಸಾಪ್ ಚಿತ್ರ ಅಲ್ಲ, ಡೈನಾಮಿಕ್ ಪ್ರೋಗ್ರಾಮಿಂಗ್: ಸಣ್ಣ ಲೆಕ್ಕಗಳ ಉತ್ತರ ಬರೆದಿಟ್ಟುಕೊಂಡು ದೊಡ್ಡ ಲೆಕ್ಕ ಬಿಡಿಸುವ ವಿಧಾನ. ಅದರಲ್ಲಿ ಎಲ್ಲರಿಗೂ ಎದುರಾಗುವ, ಚೀಲದಲ್ಲಿ ಹಿಡಿಯುವಷ್ಟರೊಳಗೆ ಅತಿ ಹೆಚ್ಚು ಲಾಭದ ಸಾಮಾನು ಆರಿಸುವ ಒಂದು ಲೆಕ್ಕ ನ್ಯಾಪ್‌ಸ್ಯಾಕ್. ಇಂಜಿನಿಯರಿಂಗ್ ಓದುವವರು ಲ್ಯಾಬಿನಲ್ಲಿ ಇದರ ಕೋಡ್ ಬರೆದು, ಔಟ್‌ಪುಟ್ ತೋರಿಸಿ, ಸಹಿ ಹಾಕಿಸಿಕೊಂಡು ಬಂದಿರುತ್ತಾರೆ. ಆದರೂ ಆ ಲೆಕ್ಕ ಬಿಡಿಸಲು ತುಂಬುವ ಕೋಷ್ಟಕದ ನಡುವಿನ ಒಂದು ಚೌಕದ ಮೇಲೆ ಬೆರಳಿಟ್ಟು ‘ಇಲ್ಲಿರುವ 9 ಏನು?’ ಅಂತ ಕೇಳಿದರೆ ಸುಮಾರು ಜನ ತಡವರಿಸುತ್ತಾರೆ. ಆ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಕೋಡನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಲೆಕ್ಕವನ್ನು ಜಯನಗರದ ಒಂದು ಮನೆಗೆ ತರೋಣ. ಮಗಳು ಓದಲು ಜರ್ಮನಿಗೆ ಹೊರಟಿದ್ದಾಳೆ. ಬಟ್ಟೆಬರೆ ಎಲ್ಲ ತುಂಬಿದ ಮೇಲೆ ಸೂಟ್‌ಕೇಸಿನಲ್ಲಿ ಇನ್ನು 5 ಕೆಜಿ ಮಾತ್ರ ಹಾಕಬಹುದು. ಟೇಬಲ್ ಮೇಲೆ ನಾಲ್ಕು ಸಾಮಾನು ಕಾದಿವೆ. ಅವಲಕ್ಕಿ ಪೊಟ್ಟಣ 1 ಕೆಜಿ, ಕಾಫಿಪುಡಿ 2 ಕೆಜಿ, ಚಕ್ಕುಲಿ ಡಬ್ಬ 3 ಕೆಜಿ, ಜಾರುಗಳ ಸಮೇತ ಮಿಕ್ಸಿ 4 ಕೆಜಿ. ಎಲ್ಲವೂ ಸೀಲ್ ಆಗಿವೆ. ಇಟ್ಟರೆ ಇಡೀ ಇಡಬೇಕು, ಇಲ್ಲ ಬಿಡಬೇಕು. ‘ಯಾವುದು ಎಷ್ಟು ಮುಖ್ಯ, ನೀನೇ ಮಾರ್ಕ್ಸ್ ಹಾಕೇ ಪುಟ್ಟಿ’ ಅಂತ ಅಮ್ಮ ಹೇಳಿದರು. ಅವಳು ಅವಲಕ್ಕಿಗೆ 1, ಕಾಫಿಪುಡಿಗೆ 5, ಚಕ್ಕುಲಿಗೆ 8, ಮಿಕ್ಸಿಗೆ 11 ಕೊಟ್ಟಳು. 5 ಕೆಜಿ ಮೀರದ ಹಾಗೆ ಒಟ್ಟು ಮಾರ್ಕ್ಸ್ ಆದಷ್ಟು ಜಾಸ್ತಿ ಆಗಬೇಕು.

ಯಾರಿಗಾದರೂ ಮೊದಲು ಹೊಳೆಯುವುದು ಮಿಕ್ಸಿಯನ್ನು ಒಳಗೆ ಹಾಕುವುದು. ಮಾರ್ಕ್ಸ್ ಅದಕ್ಕೇ ಜಾಸ್ತಿ. ಕೆಜಿಗೆ ಎಷ್ಟು ಮಾರ್ಕ್ಸ್ ಅಂತ ನೋಡಿದರೂ ಅದೇ ಮುಂದೆ: ಮಿಕ್ಸಿಗೆ 2.75, ಚಕ್ಕುಲಿಗೆ ಸುಮಾರು 2.67, ಕಾಫಿಗೆ 2.5. ಮಿಕ್ಸಿ ಇಟ್ಟ ಮೇಲೆ ಉಳಿಯುವುದು 1 ಕೆಜಿ. ಅದಕ್ಕೆ ಅವಲಕ್ಕಿ ಒಂದೇ ಸರಿಹೋಗುತ್ತದೆ. ಒಟ್ಟು 12. ಆದರೆ ಚಕ್ಕುಲಿ ಮತ್ತು ಕಾಫಿ ಇಟ್ಟಿದ್ದರೆ ಸರಿಯಾಗಿ 5 ಕೆಜಿಗೆ 13 ಬರುತ್ತಿತ್ತು. ಅಕ್ಕಿ, ಬೇಳೆಯ ಹಾಗೆ ಎಲ್ಲವನ್ನೂ ಬೇಕಾದಷ್ಟು ಅಳೆದು ಹಾಕಬಹುದಾಗಿದ್ದರೆ ಕೆಜಿಗೆ ಮಾರ್ಕ್ಸ್ ನೋಡುವ ದಾರಿಯೇ ಸರಿ. ಅರ್ಧ ಮಿಕ್ಸಿ ಒಯ್ಯಲಾಗುವುದಿಲ್ಲವಲ್ಲ, ತೊಡಕು ಅಲ್ಲೇ ಇದೆ.

ಹಾಗಾಗಿ ಕೋಷ್ಟಕ. ಅಡ್ಡಕ್ಕೆ ಜಾಗ: 0 ಕೆಜಿಯಿಂದ 5 ಕೆಜಿವರೆಗೆ. ಕೆಳಕ್ಕೆ ಸಾಮಾನು, ಒಂದೊಂದಾಗಿ. ಒಂದು ಚೌಕ ಹೇಳುವುದು ಇಷ್ಟೇ: ‘ಈ ಸಾಲಿನವರೆಗಿನ ಸಾಮಾನು ಮಾತ್ರ ಕೈಯಲ್ಲಿದ್ದು, ಜಾಗ ಇಷ್ಟೇ ಇದ್ದಿದ್ದರೆ, ಅತಿ ಹೆಚ್ಚು ಎಷ್ಟು ಮಾರ್ಕ್ಸ್ ಗಳಿಸಬಹುದಿತ್ತು?’

ಚೌಕ ತುಂಬಲು ಎರಡೇ ದಾರಿ. ಈ ಸಾಲಿನ ಸಾಮಾನನ್ನು ಬಿಟ್ಟರೆ, ನೇರ ಮೇಲಿನ ಚೌಕದ ಸಂಖ್ಯೆ ಹಾಗೇ ಇಳಿಯುತ್ತದೆ. ಇಟ್ಟುಕೊಂಡರೆ, ಅದರ ತೂಕದಷ್ಟು ಜಾಗ ಹೋಗುತ್ತದೆ. ಆಗ ಮೇಲಿನ ಸಾಲಿನಲ್ಲಿ ಅಷ್ಟು ಚೌಕ ಎಡಕ್ಕೆ ಸರಿದು, ಅಲ್ಲಿರುವ ಸಂಖ್ಯೆಗೆ ಈ ಸಾಮಾನಿನ ಮಾರ್ಕ್ಸ್ ಕೂಡಿಸಬೇಕು. ಎರಡರಲ್ಲಿ ಯಾವುದು ದೊಡ್ಡದೋ ಅದನ್ನು ಬರೆಯಬೇಕು.

| ಸಾಮಾನು | 0 | 1 | 2 | 3 | 4 | 5 |
|---|---|---|---|---|---|---|
| ಏನೂ ಇಲ್ಲ | 0 | 0 | 0 | 0 | 0 | 0 |
| ಅವಲಕ್ಕಿ (1 ಕೆಜಿ, 1) | 0 | 1 | 1 | 1 | 1 | 1 |
| ಕಾಫಿಪುಡಿ (2 ಕೆಜಿ, 5) | 0 | 1 | 5 | 6 | 6 | 6 |
| ಚಕ್ಕುಲಿ (3 ಕೆಜಿ, 8) | 0 | 1 | 5 | 8 | 9 | 13 |
| ಮಿಕ್ಸಿ (4 ಕೆಜಿ, 11) | 0 | 1 | 5 | 8 | 11 | 13 |

ಚಕ್ಕುಲಿ ಸಾಲಿನ ಕೊನೆಯ ಚೌಕವನ್ನೇ ನೋಡಿ. ಚಕ್ಕುಲಿ ಬಿಟ್ಟರೆ ಮೇಲಿನ 6. ಇಟ್ಟರೆ 3 ಕೆಜಿ ಹೋಗಿ 2 ಕೆಜಿ ಉಳಿಯುತ್ತದೆ. ಮೇಲಿನ ಸಾಲಿನಲ್ಲಿ 2 ಕೆಜಿಗೆ 5 ಇದೆ. 8 ಮತ್ತು 5 ಸೇರಿ 13. ಆ 5 ಎಲ್ಲಿಂದ ಬಂತು ಅಂತ ಇಲ್ಲಿ ಮತ್ತೆ ಯೋಚಿಸಲೇ ಇಲ್ಲ, ಗಮನಿಸಿದಿರಾ? ಅದನ್ನು ಆಗಲೇ ಒಂದು ಸಲ ಲೆಕ್ಕ ಹಾಕಿ ಬರೆದಿಟ್ಟಾಗಿದೆ. 1950ರ ದಶಕದಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ ಈ ವಿಧಾನವನ್ನು ಕಟ್ಟಿದ್ದು ಇದೇ ನಂಬಿಕೆಯ ಮೇಲೆ. ಚಕ್ಕುಲಿ ಇಟ್ಟ ಮೇಲೆ ಉಳಿದ 2 ಕೆಜಿಯನ್ನು ಹೇಗೆ ತುಂಬುವುದು ಒಳ್ಳೆಯದು ಅನ್ನುವುದಕ್ಕೂ, ಚಕ್ಕುಲಿಗೂ ಸಂಬಂಧ ಇಲ್ಲ. ಆ 2 ಕೆಜಿಗೆ ಯಾವುದು ಅತ್ಯುತ್ತಮವೋ ಅದೇ ಇಲ್ಲಿಗೂ ಸಾಕು.

ಆರಂಭದಲ್ಲಿ ಕೇಳಿದ 9 ಕೂಡ ಇದೇ ಸಾಲಿನಲ್ಲಿದೆ. ಮಿಕ್ಸಿಯ ಸುದ್ದಿಯೇ ಇಲ್ಲದೆ, 4 ಕೆಜಿ ಜಾಗವಿದ್ದರೆ, ಚಕ್ಕುಲಿ ಮತ್ತು ಅವಲಕ್ಕಿಗೆ ಸಿಗುವ ಮಾರ್ಕ್ಸ್ ಅದು.

ಉತ್ತರ ಬಲ ಕೆಳಮೂಲೆಯ 13. ಪರೀಕ್ಷೆಯಲ್ಲಿ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅಮ್ಮನಿಗೆ ಬೇಕಾದದ್ದು 13 ಅಲ್ಲ, ಸೂಟ್‌ಕೇಸಿಗೆ ಏನು ಹಾಕಬೇಕು ಅನ್ನುವುದು. ಅದು ಯಾವ ಚೌಕದಲ್ಲೂ ಬರೆದಿಲ್ಲ. ಮೂಲೆಯಿಂದ ಹಿಂದಕ್ಕೆ ನಡೆದು ಓದಬೇಕು. ಮಿಕ್ಸಿ ಸಾಲಿನ 13ರ ಮೇಲೆಯೂ 13 ಇದೆ. ಅಂದರೆ ಮಿಕ್ಸಿ ಇಲ್ಲದೆಯೂ ಅಷ್ಟು ಬರುತ್ತಿತ್ತು, ಮಿಕ್ಸಿ ಬೇಡ. ಒಂದು ಸಾಲು ಮೇಲೆ ಹೋಗೋಣ. ಚಕ್ಕುಲಿಯ 13ರ ಮೇಲೆ 6 ಇದೆ. ಸಂಖ್ಯೆ ಬದಲಾಗಿದೆ ಅಂದಮೇಲೆ ಚಕ್ಕುಲಿ ಒಳಗಿದೆ. 3 ಕೆಜಿ ಕಳೆದು, ಮೇಲಿನ ಸಾಲಿನ 2 ಕೆಜಿ ಕಾಲಂಗೆ ಹೋಗಬೇಕು. ಅಲ್ಲಿ ಕಾಫಿ ಸಾಲಿನ 5, ಅದರ ಮೇಲೆ 1. ಕಾಫಿಯೂ ಒಳಗೆ. ಇನ್ನು 2 ಕಳೆದರೆ 0 ಕೆಜಿ, ಅಲ್ಲಿಗೆ ಮುಗಿಯಿತು.

ಕೊನೆಯ ಸಾಲನ್ನು ಇನ್ನೊಂದು ಸಲ ಎಡದಿಂದ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಮನೆಯ ತಕ್ಕಡಿ ತಪ್ಪು ತೋರಿಸಿ, ಜಾಗ 4 ಕೆಜಿಯೇ ಇದ್ದಿದ್ದರೆ ಏನಾಗುತ್ತಿತ್ತು? ಮತ್ತೆ ಲೆಕ್ಕ ಹಾಕಬೇಕಾಗಿಲ್ಲ, 11 ಅಂತ ಪಕ್ಕದಲ್ಲೇ ಇದೆ. ಆ 11 ಬಂದದ್ದು ಮಿಕ್ಸಿ ಒಂದರಿಂದಲೇ. 4 ಕೆಜಿಗೆ ಮಿಕ್ಸಿ ಮಾತ್ರ, 5 ಕೆಜಿಗೆ ಮಿಕ್ಸಿಯೇ ಇಲ್ಲ! ಜಾಗ ಒಂದು ಕೆಜಿ ಹೆಚ್ಚಿದರೆ ಇರುವುದಕ್ಕೆ ಇನ್ನೊಂದು ಸೇರಿಸಿದರಾಯಿತು ಅನ್ನುವಂತಿಲ್ಲ, ಆಯ್ಕೆಯೇ ಪೂರ್ತಿ ಬದಲಾಗಬಹುದು. ಒಂದು ಸಲ ಒಳಗೆ ಹಾಕಿದ್ದನ್ನು ಮತ್ತೆ ಹೊರಗೆ ತೆಗೆಯದ ದಾರಿ ಸೋಲುವುದು ಇಲ್ಲೇ.

ಕೋಡ್ ಬರೆಯುವಾಗ ಇಷ್ಟು ಸಾಲುಗಳನ್ನು ಇಟ್ಟುಕೊಳ್ಳುವುದು ಯಾಕೆ, ಒಂದೇ ಸಾಲಿನ ಮೇಲೆ ತಿದ್ದುತ್ತಾ ಹೋದರೆ ಸಾಲದೇ ಅಂತ ಅನ್ನಿಸುತ್ತದೆ. ಸಾಕು. ಇಂಟರ್‌ವ್ಯೂಗಳಲ್ಲಿ ಮುಂದಿನ ಪ್ರಶ್ನೆ ಸಾಮಾನ್ಯವಾಗಿ ಇದೇ. ಕೆಳಗಿನ ಕೋಡಿನಲ್ಲಿ `best` ಅಂದರೆ ಆ ಒಂದೇ ಸಾಲು, `wt` ಸಾಮಾನಿನ ತೂಕ, `val` ಅದರ ಮಾರ್ಕ್ಸ್. ಪ್ರತಿ ಸಾಮಾನಿಗೂ ಇದು ಒಂದೊಂದು ಸಲ ಓಡುತ್ತದೆ.

```python
for w in range(5, wt - 1, -1):
    best[w] = max(best[w], best[w - wt] + val)
```

ಕೊನೆಯ `-1` ಅಲಂಕಾರಕ್ಕಿಲ್ಲ. ಬಲದಿಂದ ಎಡಕ್ಕೆ ಬರಬೇಕು ಅಂತ ಅದು ಹೇಳುತ್ತದೆ. ಎಡದಿಂದ ಬಲಕ್ಕೆ ಹೋದರೆ ಏನಾಗುತ್ತದೆ ಅಂತ ಕಾಫಿ ಸಾಲಿನಲ್ಲಿ ನೋಡಿ. 2 ಕೆಜಿ ಚೌಕಕ್ಕೆ 5 ಬರುತ್ತದೆ, ಸರಿ. 4 ಕೆಜಿ ಚೌಕಕ್ಕೆ ಬಂದಾಗ ಎರಡು ಚೌಕ ಎಡಕ್ಕೆ ನೋಡುತ್ತೇವೆ. ಅಲ್ಲಿ ಹಳೆಯ 1 ಇಲ್ಲ, ಈಗಷ್ಟೇ ಬರೆದ 5 ಇದೆ. ಅದಕ್ಕೆ 5 ಕೂಡಿಸಿ 10 ಬರೆಯುತ್ತೇವೆ. ಒಂದೇ ಕಾಫಿ ಪೊಟ್ಟಣವನ್ನು ಎರಡು ಸಲ ತುಂಬಿದ ಹಾಗಾಯಿತು. ಬಲದಿಂದ ಬಂದರೆ ಎಡಗಡೆ ಇರುವುದೆಲ್ಲ ಇನ್ನೂ ಹಿಂದಿನ ಸಾಲಿನದೇ, ಈ ತಪ್ಪಾಗುವುದಿಲ್ಲ.

ಎಡದಿಂದ ಬಲಕ್ಕೆ ಹೋದರೂ ಪ್ರೋಗ್ರಾಂ ಎಲ್ಲೂ ನಿಲ್ಲುವುದಿಲ್ಲ, ಎರರ್ ಕೊಡುವುದಿಲ್ಲ, ಸುಮ್ನೆ ತಪ್ಪು ಉತ್ತರ ಕೊಡುತ್ತದೆ. ಹಿಡಿಯಲು ಸುಲಭದ ದಾರಿ ಒಂದಿದೆ. ಯಾವ ಸಾಲಿನಲ್ಲೂ, ಅಲ್ಲಿಯವರೆಗಿನ ಸಾಮಾನುಗಳ ಒಟ್ಟು ಮಾರ್ಕ್ಸ್‌ಗಿಂತ ದೊಡ್ಡ ಸಂಖ್ಯೆ ಇರಲಾರದು. ಅವಲಕ್ಕಿ, ಕಾಫಿ ಎರಡೂ ಸೇರಿದರೆ 6. ಆ ಸಾಲಿನಲ್ಲಿ 10 ಕಂಡರೆ ಎಲ್ಲೋ ಏನೋ ಎರಡು ಸಲ ಎಣಿಕೆಯಾಗಿದೆ. ತಮಾಷೆ ಅಂದರೆ, ಅಂಗಡಿಯಲ್ಲಿ ಪ್ರತಿ ಸಾಮಾನೂ ಬೇಕಾದಷ್ಟು ಸಿಗುವಂತಿದ್ದರೆ ಆ ‘ತಪ್ಪು’ ಕೋಡೇ ಸರಿಯಾದ ಕೋಡ್. ಅದು ಬೇರೆ ಪ್ರಶ್ನೆಗೆ ಸರಿಯಾದ ಉತ್ತರ.

ಒಂದೇ ಸಾಲಿನ ಉಳಿತಾಯಕ್ಕೆ ಬೆಲೆಯೂ ಇದೆ. ಕೊನೆಗೆ 13 ಅಂತ ಸಿಗುತ್ತದೆ, ಆದರೆ ಮೇಲಿನ ಸಾಲುಗಳು ಅಳಿಸಿಹೋಗಿವೆ. ಹಿಂದಕ್ಕೆ ನಡೆಯಲು ದಾರಿಯೇ ಇಲ್ಲ. ಏನೇನು ತುಂಬಬೇಕು ಅನ್ನುವುದು ಬೇಕಿದ್ದರೆ, ಪ್ರತಿ ಚೌಕದಲ್ಲಿ ‘ಇಟ್ಟೆವೋ, ಬಿಟ್ಟೆವೋ’ ಅನ್ನುವುದನ್ನಾದರೂ ಬೇರೆ ಕಡೆ ಬರೆದಿಡಬೇಕು.

ಇಷ್ಟೆಲ್ಲ ಕೆಲಸ ಲಾಭವೇ? ನಾಲ್ಕು ಸಾಮಾನಿಗಂತೂ ಅಲ್ಲ. ನಾಲ್ಕನ್ನು ಇಡುವ, ಬಿಡುವ ದಾರಿಗಳು ಒಟ್ಟು 16. ನಾವು ತುಂಬಿದ್ದು, ಸೊನ್ನೆಗಳನ್ನು ಬಿಟ್ಟರೂ, 20 ಚೌಕ. ಸಾಮಾನು 30 ಆದಾಗ ಚಿತ್ರ ಬದಲಾಗುತ್ತದೆ. ದಾರಿಗಳು 107 ಕೋಟಿ ದಾಟುತ್ತವೆ. ಚೌಕಗಳು 150 ಮಾತ್ರ.

ಆದರೆ ಈ 150 ಕೂಡ ಸ್ವಲ್ಪ ಮೋಸದ ಸಂಖ್ಯೆ. ತೂಕವನ್ನು ಇಡೀ ಕೆಜಿಗಳಲ್ಲಿ ಹೇಳಿದ್ದರಿಂದ ಐದೇ ಕಾಲಂ ಸಾಕಾಯಿತು. ಗ್ರಾಂನಲ್ಲಿ ಹೇಳಿದರೆ 5,000 ಕಾಲಂ, ಮಿಲಿಗ್ರಾಂನಲ್ಲಿ 50 ಲಕ್ಷ. ಸಾಮಾನು ಒಂದೂ ಹೆಚ್ಚಿಲ್ಲ, ಸೂಟ್‌ಕೇಸ್ ಅದೇ. ತೂಕದಲ್ಲಿ ಒಂದು ಅಂಕಿ ಜಾಸ್ತಿ ಬರೆದಾಗಲೆಲ್ಲ ಕೋಷ್ಟಕ ಹತ್ತು ಪಟ್ಟು ಅಗಲವಾಗುತ್ತದೆ. 1972ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಕಾರ್ಪ್ ಪಟ್ಟಿಮಾಡಿದ 21 ಕಠಿಣ ಸಮಸ್ಯೆಗಳಲ್ಲಿ ನ್ಯಾಪ್‌ಸ್ಯಾಕ್ ಕೂಡ ಇದೆ. ಸಂಖ್ಯೆಗಳು ಎಷ್ಟೇ ಉದ್ದವಿದ್ದರೂ ಎಲ್ಲ ಸಂದರ್ಭದಲ್ಲೂ ಬೇಗ ಸರಿಯುತ್ತರ ಕೊಡುವ ವಿಧಾನ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಕೋಷ್ಟಕ ಆ ಕಷ್ಟವನ್ನು ಬಗೆಹರಿಸಿಲ್ಲ, ಸಣ್ಣ ಸಂಖ್ಯೆಗಳಿರುವಾಗ ಅದು ಎದುರಾಗದಂತೆ ನೋಡಿಕೊಂಡಿದೆ ಅಷ್ಟೇ.

ಹಾಗಾಗಿ ಯಾವ ಅಳತೆಯಲ್ಲಿ ಕಾಲಂ ಹಾಕಬೇಕು ಅನ್ನುವುದು ನಿಜವಾದ ತೀರ್ಮಾನ. ಮಿಕ್ಸಿ 4.3 ಕೆಜಿ ಇದ್ದು, ನಾವು ಅದನ್ನು 4 ಅಂತ ಬರೆದುಕೊಂಡರೆ, ಕೋಷ್ಟಕ ಸರಿ ಅಂದ ಚೀಲ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಹೆಚ್ಚು ತೂಗಬಹುದು. ಅದಕ್ಕೇ ಎಲ್ಲವನ್ನೂ ಮೇಲಕ್ಕೆ ಏರಿಸಿ ಬರೆಯೋಣ ಅಂದರೆ ಇನ್ನೊಂದು ನಷ್ಟ. ಚಕ್ಕುಲಿ 3.2, ಕಾಫಿ 1.8 ಇದ್ದರೆ ಎರಡೂ ಸೇರಿ ಸರಿಯಾಗಿ 5 ಕೆಜಿ. ಏರಿಸಿದಾಗ ಅವು 4 ಮತ್ತು 2 ಆಗುತ್ತವೆ, ಕೋಷ್ಟಕ ಆ ಜೋಡಿಯನ್ನು ಒಪ್ಪುವುದೇ ಇಲ್ಲ. ಇಲ್ಲಿ 100 ಗ್ರಾಂಗೆ ಒಂದು ಕಾಲಂ ಹಾಕಿದರೆ ಎರಡೂ ತೊಂದರೆ ಹೋಗುತ್ತವೆ: 50 ಕಾಲಂ, ನಾಲ್ಕು ಸಾಮಾನಿಗೆ 200 ಚೌಕ. ಕೈಯಲ್ಲಿ ತುಂಬಲು ಬೇಸರ ಬರುತ್ತದೆ, ನಿಜ. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟು ಕೆಲಸವೂ ಅಲ್ಲ.