ಲೂಪ್‌ಗಳು ಒಂದಕ್ಕೊಂದು ಹೆಣೆದುಕೊಂಡಾಗ: ಮೇಸನ್ ಸೂತ್ರ ಬಂದ ದಾರಿ

1927ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಬ್ಲ್ಯಾಕ್ ಔಟ್‌ಪುಟ್‌ನ ಒಂದು ಪಾಲನ್ನು ಇನ್‌ಪುಟ್‌ಗೇ ತಿರುಗಿಸಿ ಆಂಪ್ಲಿಫೈಯರ್‌ನಲ್ಲಿ ಸಿಗ್ನಲ್ ವಿರೂಪಗೊಳ್ಳುವುದನ್ನು ಕಡಿಮೆ ಮಾಡಿದರು. ಅಲ್ಲಿದ್ದದ್ದು ಒಂದೇ ಲೂಪ್. ಮುಂದಕ್ಕೆ ಹೋಗುವ ಹಾದಿಯಲ್ಲಿ ಸಿಗ್ನಲ್ G ಪಟ್ಟು, ಹಿಂದಿರುಗುವ ಹಾದಿಯಲ್ಲಿ H ಪಟ್ಟು ಆಗುವುದಾದರೆ, ಅದರ ಗೇನ್, ಅಂದರೆ ಔಟ್‌ಪುಟ್ ಇನ್‌ಪುಟ್‌ನ ಎಷ್ಟು ಪಟ್ಟು ಅನ್ನುವುದನ್ನು, G/(1+GH) ಅಂತ ಒಂದೇ ಸಾಲಿನಲ್ಲಿ ಬರೆಯಬಹುದು. ಲೂಪ್‌ಗಳು ಎರಡಾಗಿ, ಒಂದರ ಮೇಲೊಂದು ಹಾದುಹೋದರೆ ಏನು ಮಾಡೋದು?

ಒಂದು ಉದಾಹರಣೆ ನೋಡೋಣ. G1, G2, G3 ಸಾಲಾಗಿ ನಿಂತಿವೆ. G2 ದಾಟಿದ ಸಿಗ್ನಲ್ H1 ಮೂಲಕ G1ರ ಹಿಂದಕ್ಕೆ ಬಂದು ಕಳೆಯುತ್ತದೆ. ಔಟ್‌ಪುಟ್ H2 ಮೂಲಕ G2ರ ಹಿಂದಕ್ಕೆ ಬಂದು ಕಳೆಯುತ್ತದೆ. ಎರಡೂ ಲೂಪ್‌ಗಳಿಗೆ G2 ಬೇಕು. ಹಾಗಾಗಿ ಯಾವುದನ್ನೂ ಮೊದಲು ಬಿಡಿಸೋಕೆ ಆಗಲ್ಲ.

ಬ್ಲಾಕ್ ಡಯಾಗ್ರಮ್ ವಿಧಾನದಲ್ಲಿ H1ರ ಟೇಕ್‌ಆಫ್ ಪಾಯಿಂಟನ್ನು, ಅಂದರೆ ಅದು ಸಿಗ್ನಲ್ ತೆಗೆದುಕೊಳ್ಳುವ ಜಾಗವನ್ನು, G3ರ ಆಚೆಗೆ ಸರಿಸುತ್ತೇವೆ. ಅಲ್ಲಿ ಸಿಗ್ನಲ್ G3 ಪಟ್ಟು ಆಗಿರುತ್ತದೆ, ಆದ್ದರಿಂದ H1ನ್ನು H1/G3 ಮಾಡಲೇಬೇಕು. ನನ್ನ ಅನುಭವದಲ್ಲಿ ಜಾಸ್ತಿ ತಪ್ಪು ಆಗೋದೇ ಇಲ್ಲಿ. G1=2, G2=3, G3=4, H1=1, H2=0.5 ಇಟ್ಟು ನೋಡಿ. ಸರಿಯಾದ ಗೇನ್ 24/13, ಅಂದರೆ ಸುಮಾರು 1.85. ಆ ಭಾಗಾಕಾರ ಮರೆತರೆ 24/31, ಸುಮಾರು 0.77.

ಚಿತ್ರವನ್ನು ಹೀಗೆ ಮತ್ತೆ ಮತ್ತೆ ಬದಲಿಸದೆ ಉತ್ತರ ಕೊಡುವ ಸೂತ್ರವನ್ನು ಎಂಐಟಿಯ ಸ್ಯಾಮ್ಯುಯೆಲ್ ಮೇಸನ್ ಪ್ರಕಟಿಸಿದರು. ಸಿಗ್ನಲ್‌ಗಳನ್ನು ನೋಡ್ ಎಂಬ ಬಿಂದುಗಳಾಗಿ, ಗೇನ್‌ಗಳನ್ನು ಬಾಣಗಳಾಗಿ ಬರೆಯುವ ಸಿಗ್ನಲ್ ಫ್ಲೋ ಗ್ರಾಫ್ ಬಗ್ಗೆ ಅವರ ಮೊದಲ ಲೇಖನ 1953ರದು, ಮುಂದುವರಿಕೆ 1956ರದು. ಅದಕ್ಕೂ ಮುಂಚೆ, 1942ರಲ್ಲೇ, ಕ್ಲಾಡ್ ಶಾನನ್ ಒಂದು ಯುದ್ಧಕಾಲದ ವರದಿಯಲ್ಲಿ ಇದನ್ನೇ ಕಂಡುಕೊಂಡಿದ್ದರು. ಆ ವರದಿ ಹೊರಗೆ ಹರಡಲಿಲ್ಲ, ಹಾಗಾಗಿ ಮೇಸನ್ ಹೆಸರೇ ಉಳಿಯಿತು.

ಸೂತ್ರದ ಜೀವ ಇರೋದು ಛೇದದಲ್ಲಿ:

```
Δ = 1 − (ಎಲ್ಲ ಲೂಪ್ ಗೇನ್‌ಗಳ ಮೊತ್ತ)
      + (ಮುಟ್ಟದ ಜೋಡಿಗಳ ಗುಣಲಬ್ಧಗಳ ಮೊತ್ತ) − ...
```

ಮುಟ್ಟುವುದು ಅಂದರೆ ಒಂದಾದರೂ ನೋಡ್ ಹಂಚಿಕೊಳ್ಳುವುದು. ನಮ್ಮ ಎರಡೂ ಲೂಪ್ ಗೇನ್‌ಗಳು −6. G2ರ ಎರಡೂ ಬದಿಯ ನೋಡ್‌ಗಳು ಇಬ್ಬರಿಗೂ ಸೇರಿದ್ದರಿಂದ ಗುಣಲಬ್ಧ ಬರಲ್ಲ: Δ = 1+6+6 = 13. ಮುಂದಕ್ಕೆ ಹೋಗುವ ಹಾದಿ ಒಂದೇ, ಅದರ ಗೇನ್ 24, ಅದು ಎರಡೂ ಲೂಪ್‌ಗಳನ್ನು ಮುಟ್ಟುತ್ತದೆ, ಹಾಗಾಗಿ ಅಂಶದಲ್ಲಿ 24 ಹಾಗೇ ಉಳಿಯುತ್ತದೆ. ಉತ್ತರ ಮತ್ತೆ 24/13. ಅಭ್ಯಾಸಬಲದಿಂದ 36 ಸೇರಿಸಿದರೆ 24/49 ಬಂದು ಎಲ್ಲ ಕೆಡುತ್ತದೆ.

ಲೂಪ್‌ಗಳು G1 ಸುತ್ತ ಒಂದು, G3 ಸುತ್ತ ಒಂದು ಅಂತ ಬೇರೆ ಬೇರೆ ಇದ್ದರೆ ಆ ಗುಣಲಬ್ಧ ಬೇಕೇ ಬೇಕು. ಆಗ ಛೇದ (1+G1H1)(1+G3H2) ಆಗಬೇಕು, ಅಲ್ವಾ? ಅದನ್ನು ಬಿಡಿಸಿದರೆ G1G3H1H2 ತಾನಾಗಿ ಸಿಗುತ್ತದೆ.

ಅನುಮಾನ ಬಂದರೆ ಸಂಖ್ಯೆ ಹಾಕಿ ಸುತ್ತಿ ಬನ್ನಿ. ಇನ್‌ಪುಟ್ 1, ಔಟ್‌ಪುಟ್ 24/13 ಅಂದುಕೊಳ್ಳಿ. G3ರ ಹಿಂದೆ 6/13, G1ಕ್ಕೆ ಹೋಗುವುದು 7/13, ಅದರಿಂದ ಬರುವುದು 14/13. H2 ಕಳೆಯುವುದು 12/13, ಉಳಿದ 2/13 G2ರಲ್ಲಿ 6/13 ಆಗುತ್ತದೆ. ಹೊರಟ ಜಾಗಕ್ಕೇ ಸರಿಯಾಗಿ ಬಂದಿರಿ.