ಪದ ಪರಿಚಯ: ಸರಾಸರಿ ಮಾಸಿಕ ಶಿಲ್ಕು

ಶಿಲ್ಕು ಎಂದರೆ ಜಮಾದಲ್ಲಿ ಖರ್ಚು ಕಳೆದು ಉಳಿದ ಹಣ. ಮಲೆನಾಡಿನ ಅಡಿಕೆ ಮಂಡಿಗಳ ಲೆಕ್ಕದಲ್ಲಿ, ಸಹಕಾರ ಸಂಘದ ಪುಸ್ತಕಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಪದ ಇದು. ಬ್ಯಾಂಕಿನವರು ಇದರ ಹಿಂದೆ ‘ಸರಾಸರಿ ಮಾಸಿಕ’ ಎಂಬ ಎರಡು ಪದಗಳನ್ನು ಸೇರಿಸುತ್ತಾರೆ. ಉಳಿತಾಯ ಖಾತೆಯ ಹಣ ಕರಗುವ ಕಥೆಯ ಬಹುಪಾಲು ಈ ಎರಡು ಪದಗಳಲ್ಲೇ ಅಡಗಿದೆ.

‘ಮಿನಿಮಮ್ ಬ್ಯಾಲೆನ್ಸ್ 5,000 ರೂಪಾಯಿ’ ಎಂದು ಕೇಳಿದವರಲ್ಲಿ ಹೆಚ್ಚಿನವರು ಒಂದೋ ಖಾತೆ ಯಾವ ದಿನವೂ 5,000ಕ್ಕಿಂತ ಕೆಳಗೆ ಇಳಿಯಬಾರದು ಎಂದುಕೊಳ್ಳುತ್ತಾರೆ, ಇಲ್ಲವೇ ತಿಂಗಳ ಕೊನೆಯ ದಿನ ಅಷ್ಟಿದ್ದರೆ ಸಾಕು ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ಬ್ಯಾಂಕು ಪ್ರತಿದಿನ ವಹಿವಾಟು ಮುಗಿದಾಗ ಖಾತೆಯಲ್ಲಿ ಉಳಿದ ಮೊತ್ತವನ್ನು ತಿಂಗಳಿಡೀ ಕೂಡಿ, ಆ ತಿಂಗಳ ದಿನಗಳ ಸಂಖ್ಯೆಯಿಂದ ಭಾಗಿಸುತ್ತದೆ. ಬರುವ ಉತ್ತರವೇ ಸರಾಸರಿ ಮಾಸಿಕ ಶಿಲ್ಕು. ಕೆಲವು ಬ್ಯಾಂಕುಗಳು ಇದೇ ಲೆಕ್ಕವನ್ನು ಮೂರು ತಿಂಗಳಿಗೆ ಒಮ್ಮೆ ಮಾಡುತ್ತವೆ.

ನನ್ನ ಚಿಕ್ಕಪ್ಪನ ಮಗನ ಖಾತೆಯನ್ನೇ ನೋಡೋಣ. ಬೆಂಗಳೂರಿನ ಕೆಲಸ ಬಿಟ್ಟು ತೀರ್ಥಹಳ್ಳಿ ಕಡೆಯ ತನ್ನ ಅಡಿಕೆ ತೋಟಕ್ಕೆ ಮರಳಿದವನು ಅವನು. ಅವನದು ಸಂಬಳದ ಖಾತೆ. ಶೂನ್ಯ ಶಿಲ್ಕಿದ್ದರೂ ನಡೆಯುತ್ತಿತ್ತು. ಸಂಬಳ ಬರುವುದು ನಿಂತು ಕೆಲವು ತಿಂಗಳಾದ ಮೇಲೆ ಬ್ಯಾಂಕು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸಿತು. ಅಲ್ಲಿಂದ ಮುಂದೆ ತಿಂಗಳ ಸರಾಸರಿ 5,000 ಇರಬೇಕು, ಕಡಿಮೆಯಾದರೆ ಕೊರತೆಯ ಶೇಕಡಾ 6 ದಂಡ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ಇದಾವುದೂ ಅವನ ಗಮನಕ್ಕೆ ಬರಲಿಲ್ಲ.

ಜೂನ್ ಮೊದಲ ಹತ್ತು ದಿನ ಖಾತೆಯಲ್ಲಿ 8,000 ರೂಪಾಯಿ ಇತ್ತು. ಮಳೆ ಹಿಡಿಯುವ ಮೊದಲೇ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತಕ್ಕೂ ಕೊನೆಗಾರನ ಕೂಲಿಗೂ ಹಣ ಬೇಕು. 11ನೇ ತಾರೀಖು 5,500 ತೆಗೆದ. ಉಳಿದ ಇಪ್ಪತ್ತು ದಿನ ಖಾತೆಯಲ್ಲಿದ್ದದ್ದು 2,500. ಹತ್ತು ದಿನದ 8,000 ಸೇರಿ 80,000, ಇಪ್ಪತ್ತು ದಿನದ 2,500 ಸೇರಿ 50,000. ಒಟ್ಟು 1,30,000ವನ್ನು 30ರಿಂದ ಭಾಗಿಸಿದರೆ ಸರಾಸರಿ 4,333 ರೂಪಾಯಿ ಚಿಲ್ಲರೆ. ಕೊರತೆ ಸುಮಾರು 667, ದಂಡ 40, ಜಿಎಸ್‌ಟಿ ಸೇರಿ 47 ರೂಪಾಯಿ 20 ಪೈಸೆ.

ತೋಟದ ಕೆಲಸ ಮಾಡಿಸುವವರಿಗೆ ಈ ಲೆಕ್ಕ ಹೊಸದಲ್ಲ. ಹತ್ತು ಆಳು ಎರಡು ದಿನ ಮಾಡಿದರೂ ಇಪ್ಪತ್ತು ಆಳು, ಇಪ್ಪತ್ತು ಜನ ಒಂದೇ ದಿನ ಮಾಡಿದರೂ ಇಪ್ಪತ್ತು ಆಳು ಎಂದು ಬರೆದುಕೊಳ್ಳುತ್ತೇವಲ್ಲ, ಬ್ಯಾಂಕು ರೂಪಾಯಿಯನ್ನೂ ಹಾಗೆಯೇ ಎಣಿಸುತ್ತದೆ. ಜೂನ್‌ನಲ್ಲಿ ಬೇಕಿದ್ದ ಮೊತ್ತ 30 ದಿನಕ್ಕೆ 1,50,000. ಅವನದು 20,000 ಕಡಿಮೆ ಬಿತ್ತು. ಆ 20,000ವನ್ನು ಒಂದೇ ರಾತ್ರಿಯ ಮಟ್ಟಿಗೆ ಖಾತೆಯಲ್ಲಿ ಇಟ್ಟಿದ್ದರೂ, ಅಥವಾ ಹೆಚ್ಚುವರಿ 5,000ವನ್ನು ನಾಲ್ಕು ದಿನ ಇಟ್ಟಿದ್ದರೂ ದಂಡ ತಪ್ಪುತ್ತಿತ್ತು. ಅಷ್ಟೇಕೆ, ತೆಗೆಯುವ ದಿನವನ್ನು 11ರಿಂದ 15ಕ್ಕೆ ಮುಂದೂಡಿದ್ದರೆ ಸರಾಸರಿ 5,000 ದಾಟುತ್ತಿತ್ತು. ಆದರೆ ಮಳೆ ಅಷ್ಟು ದಿನ ಕಾಯುವುದಿಲ್ಲ. ತಿಂಗಳ ಕೊನೆಗೆ ಹಣ ಬಂದೇ ಬರುವವರಿಗೆ ಹೊಂದುವ ನಿಯಮ, ವರ್ಷದ ಆದಾಯವೆಲ್ಲ ಕೊಯ್ಲಿನ ನಾಲ್ಕು ತಿಂಗಳಲ್ಲಿ ಬರುವ ಅಡಿಕೆ ಬೆಳೆಗಾರನಿಗೆ ಹೊಂದುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಜುಲೈನಲ್ಲಿ ಅವನು ಖಾತೆಯನ್ನು ಮುಟ್ಟಲೇ ಇಲ್ಲ. ಆದರೂ ಮೊದಲ ದಿನವೇ ಎರಡು ಮೊತ್ತ ಕಡಿತವಾದವು. ಮೂರು ತಿಂಗಳ ಸಂದೇಶಗಳ ಶುಲ್ಕ 15, ತೆರಿಗೆ ಸೇರಿ 17.70; ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ 200, ತೆರಿಗೆ ಸೇರಿ 236. ಉಳಿದದ್ದು 2,246 ರೂಪಾಯಿ 30 ಪೈಸೆ. ತಿಂಗಳಿಡೀ ಅಷ್ಟೇ ಇದ್ದುದರಿಂದ ಸರಾಸರಿಯೂ ಅಷ್ಟೇ. ಕೊರತೆ ಸುಮಾರು 2,754, ದಂಡ ತೆರಿಗೆ ಸೇರಿ 195 ರೂಪಾಯಿ. ಇಲ್ಲಿ ಕಣ್ಣಿಗೆ ಬೀಳದ ಒಂದು ಸಂಗತಿ ಇದೆ. ಆ ಎರಡು ಶುಲ್ಕಗಳು ಕಡಿತವಾಗದೆ ಖಾತೆಯಲ್ಲಿ 2,500 ಪೂರ್ತಿ ಇದ್ದಿದ್ದರೆ ದಂಡ 177 ಆಗುತ್ತಿತ್ತು. ಬ್ಯಾಂಕು ತಾನೇ ತೆಗೆದುಕೊಂಡ ಶುಲ್ಕವೂ ಕೊರತೆಯಾಗಿ ಎಣಿಕೆಯಾಗಿ, ಅದಕ್ಕೆ ಇನ್ನೂ 18 ರೂಪಾಯಿ ದಂಡ ಬಿತ್ತು. ಮುಂದೆ ಕಡಿತವಾಗುವ ದಂಡವೂ ಹೀಗೆಯೇ ಅದರ ನಂತರದ ದಂಡವನ್ನು ಹೆಚ್ಚಿಸುತ್ತದೆ. ಇನ್ನು ಬಡ್ಡಿ: ವರ್ಷಕ್ಕೆ ಶೇಕಡಾ 2.5ರಂತೆ ಇಷ್ಟು ಹಣಕ್ಕೆ ಮೂರು ತಿಂಗಳಿಗೆ ಸಿಗುವುದು ಹದಿನಾಲ್ಕು ರೂಪಾಯಿ. ಸಂದೇಶದ ಶುಲ್ಕಕ್ಕೂ ಅದು ಸಾಲದು.

ಸೆಪ್ಟೆಂಬರ್‌ನಲ್ಲಿ ಪಾಸ್‌ಬುಕ್ ಮುದ್ರಿಸಿಕೊಂಡು ಬಂದವನು, “ಅಣ್ಣಯ್ಯ, ನಾನು ತೆಗೆಯದ ಐನೂರು ರೂಪಾಯಿ ಎಲ್ಲಿ ಹೋಯಿತು?” ಎಂದು ಕೇಳಿದ. ಪಾಸ್‌ಬುಕ್ಕಿನ ವಿವರದ ಕಂಬವನ್ನು ನಾವಿಬ್ಬರೂ ಬೆರಳಿಟ್ಟು ಓದಿದೆವು. ಬ್ಯಾಂಕಿನಿಂದ ಬ್ಯಾಂಕಿಗೆ ಬರಹ ಬದಲಾಗುತ್ತದೆ, ಆದರೆ `SMS CHRG`, `CARD AMC`, `AMB CHRG` ಎಂಬಂಥ ತುಂಡು ಪದಗಳು ಕಂಡರೆ ಕ್ರಮವಾಗಿ ಸಂದೇಶ, ಕಾರ್ಡು, ಸರಾಸರಿ ಶಿಲ್ಕಿನ ದಂಡ ಎಂದು ತಿಳಿಯಬಹುದು.

ದಂಡ ವಿಧಿಸಲು ರಿಸರ್ವ್ ಬ್ಯಾಂಕ್ ಮಿತಿಗಳನ್ನು ಹಾಕಿದೆ. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಶಿಲ್ಕು ಕಡಿಮೆಯಾದಾಗ ಬ್ಯಾಂಕು ಮೊದಲು ಸಂದೇಶ, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು, ಸರಿಪಡಿಸಿಕೊಳ್ಳಲು ಕನಿಷ್ಠ ಒಂದು ತಿಂಗಳು ಕೊಡಬೇಕು. ದಂಡವು ಕೊರತೆಗೆ ತಕ್ಕಂತೆ ಇರಬೇಕು. ನೂರು ರೂಪಾಯಿ ಕಡಿಮೆಯಾದವನಿಗೂ ನಾಲ್ಕು ಸಾವಿರ ಕಡಿಮೆಯಾದವನಿಗೂ ಒಂದೇ ದಂಡ ಸಲ್ಲದು. ದಂಡದ ಕಾರಣದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಎರಡು ವರ್ಷ ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಗೆ ಈ ದಂಡ ಹಾಕುವಂತೆಯೇ ಇಲ್ಲ.

ನಮ್ಮವನ ಖಾತೆಯಲ್ಲಿ ಎಡವಟ್ಟಾದದ್ದು ಆ ತಿಳಿಸುವ ಹಂತದಲ್ಲಿ. ಊರಿನಲ್ಲಿ ಹಳೆಯ ಸಿಮ್‌ಗೆ ಸಿಗ್ನಲ್ ಸಿಗುವುದಿಲ್ಲವೆಂದು ಬೇರೆ ಕಂಪನಿಯ ಹೊಸ ನಂಬರು ತೆಗೆದುಕೊಂಡಿದ್ದ, ಬ್ಯಾಂಕಿಗೆ ಹೇಳಿರಲಿಲ್ಲ. ಎಚ್ಚರಿಕೆಯ ಸಂದೇಶ ಹಳೆಯ ನಂಬರಿಗೆ ಹೋಗಿತ್ತು. ಶಾಖೆಯವರು ಕಳುಹಿಸಿದ ದಾಖಲೆ ತೋರಿಸಿದರು, ಹಣ ಮರಳಲಿಲ್ಲ. ಬ್ಯಾಂಕು ಸಂದೇಶವನ್ನೇ ಕಳುಹಿಸಿರದಿದ್ದರೆ ಮಾತು ಬೇರೆ. ಆಗ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು, 30 ದಿನದಲ್ಲಿ ಉತ್ತರ ಬಾರದಿದ್ದರೆ `cms.rbi.org.in` ತಾಣದಲ್ಲಿ ಒಂಬುಡ್ಸ್‌ಮನ್ ಬಳಿ ಹೋಗಬಹುದಿತ್ತು.

ಅವನ ಮುಂದೆ ಎರಡು ದಾರಿ ಇದ್ದವು. ಸ್ಟೇಟ್ ಬ್ಯಾಂಕ್ 2020ರಲ್ಲಿ, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಉಳಿತಾಯ ಖಾತೆಯ ಕನಿಷ್ಠ ಶಿಲ್ಕಿನ ದಂಡವನ್ನೇ ಕೈಬಿಟ್ಟಿವೆ. ಅಂಥ ಕಡೆ ಖಾತೆ ತೆರೆಯಬಹುದು. ಇಲ್ಲವೇ ಇದೇ ಖಾತೆಯನ್ನು ‘ಮೂಲ ಉಳಿತಾಯ ಠೇವಣಿ ಖಾತೆ’ಯಾಗಿ ಬದಲಿಸಲು ಅರ್ಜಿ ಕೊಡಬಹುದು. ಅದಕ್ಕೆ ಕನಿಷ್ಠ ಶಿಲ್ಕಿನ ಷರತ್ತಿಲ್ಲ, ಕಾರ್ಡಿಗೆ ವಾರ್ಷಿಕ ಶುಲ್ಕವೂ ಇಲ್ಲ. ಬದಲಿಗೆ ಉಚಿತವಾಗಿ ಹಣ ತೆಗೆಯುವುದು ತಿಂಗಳಿಗೆ ನಾಲ್ಕೇ ಬಾರಿ ಎಂದು ಬ್ಯಾಂಕು ಮಿತಿ ಹಾಕಬಹುದು, ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಬಾರದು. ತಿಂಗಳಿಗೆ ಎರಡು ಸಲ ಪೇಟೆಗೆ ಬರುವವನಿಗೆ ನಾಲ್ಕು ಬಾರಿ ಧಾರಾಳ. ಅವನು ಎರಡನೆಯದನ್ನೇ ಆರಿಸಿದ. ಅರ್ಜಿಯ ಜೊತೆಗೆ ಹೊಸ ಮೊಬೈಲ್ ನಂಬರನ್ನೂ ಬರೆದುಕೊಟ್ಟು, ನಕಲಿನ ಮೇಲೆ ಶಾಖೆಯ ಮೊಹರು ಹಾಕಿಸಿಕೊಂಡು ಬಂದ.